ಇಂಗ್ಲೆಂಡಿನ ಲೈಸೆನ್ಸ್ ಪರೀಕ್ಷೆ ಮತ್ತು ನಮ್ಮೂರಿನ ಚಾಲನೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿದೇಶದ ಅನುಭವ ಹೇಳಿ ಎಂದು ಸಮಿತಿಯವರು ನನಗೆ ಹೇಳಿದರು. ವಿದೇಶದ ಅನುಭವ ಅಂದರೆ ಹಿಮ, ರೈಲು, ರಾಣಿಯ ಅರಮನೆ ಅಂತ ಶುರು ಮಾಡಿದರೆ ಊಟದ ಹೊತ್ತಾಗುತ್ತದೆ. ನಾನು ಒಂದೇ ವಿಷಯ ಹೇಳುತ್ತೇನೆ. ಈ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಬರುತ್ತಿದ್ದಾರೆ, ಅವರ ಜೊತೆಗೆ ಗಂಡಂದಿರೂ ಬರುತ್ತಿದ್ದಾರೆ. ಬಂದವರೆಲ್ಲರೂ ಒಂದು ವರ್ಷದೊಳಗೆ ಎದುರಿಸಬೇಕಾದ ಪರೀಕ್ಷೆಯೊಂದಿದೆ. ಅದು ಅಲ್ಲಿನ ಡ್ರೈವಿಂಗ್ ಲೈಸೆನ್ಸಿನ ಥಿಯರಿ ಟೆಸ್ಟ್. ಭಾನುವಾರಗಳಲ್ಲಿ ನಮ್ಮ ಕಡೆಯವರಿಗೆ ಅದನ್ನು ಹೇಳಿಕೊಡುತ್ತಾ ಬಂದಿರುವುದರಿಂದ, ಎಲ್ಲಿ ಎಡವುತ್ತಾರೆ ಎನ್ನುವುದು ನನಗೆ ಗೊತ್ತು.

ಮೊದಲು ಕಾನೂನು. ಇಲ್ಲಿನ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ ಕಾರು ಓಡಿಸಬಹುದು, ಆದರೆ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ. ಜಪಾನ್, ಸಿಂಗಪುರದಂಥ ಕೆಲವು ದೇಶದವರು ತಮ್ಮ ಲೈಸೆನ್ಸ್ ಕೊಟ್ಟು ಅಲ್ಲಿಯದನ್ನು ಬದಲಿಗೆ ಪಡೆಯಬಹುದು. ನಮಗೆ ಆ ಸೌಲಭ್ಯ ಇಲ್ಲ. ನಾವು ಹದಿನೇಳರ ಹುಡುಗರ ಹಾಗೆ ಮೊದಲಿನಿಂದ ಶುರು ಮಾಡಬೇಕು: ಪ್ರಾವಿಷನಲ್ ಲೈಸೆನ್ಸ್, ಥಿಯರಿ ಟೆಸ್ಟ್, ಆಮೇಲೆ ರಸ್ತೆಯ ಮೇಲಿನ ಪರೀಕ್ಷೆ. ರಸ್ತೆ ಪರೀಕ್ಷೆಯ ದಿನಾಂಕಕ್ಕೆ ಈಗ ತಿಂಗಳುಗಟ್ಟಲೆ ಕಾಯಬೇಕು. ಥಿಯರಿ ಪಾಸಾಗದೆ ಆ ದಿನಾಂಕವನ್ನು ಕೇಳುವ ಹಾಗೂ ಇಲ್ಲ. ಹಾಗಾಗಿ 12 ತಿಂಗಳು ಎಂದರೆ ಬಹಳ ಎಂದುಕೊಂಡವರು ಹತ್ತನೇ ತಿಂಗಳಲ್ಲಿ ನನ್ನ ಬಾಗಿಲು ತಟ್ಟುತ್ತಾರೆ. ಅವಧಿ ಮುಗಿದ ಮೇಲೆ ಒಬ್ಬರೇ ಓಡಿಸಿದರೆ ಅದು ಲೈಸೆನ್ಸ್ ಇಲ್ಲದ ಚಾಲನೆ, ವಿಮೆಯೂ ಕೈಬಿಡುತ್ತದೆ. ಆ ದೇಶದಲ್ಲಿ ವಿಮೆ ಇಲ್ಲದೆ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೊಲೀಸರಿಗೆ ಇನ್ನೂರು ರೂಪಾಯಿ ಕೊಟ್ಟು ಮುಗಿಯುವ ವಿಷಯ ಅಲ್ಲ.

ನಮ್ಮವರು ಈ ಪರೀಕ್ಷೆಯನ್ನು ಹಗುರವಾಗಿ ಕಾಣುವುದಕ್ಕೆ ಒಂದು ಕಾರಣ ಇದೆ. ಅಮೆರಿಕಕ್ಕೋ ಜರ್ಮನಿಗೋ ಹೋದವನಿಗೆ ರಸ್ತೆಯ ಬದಿಯೇ ಬೇರೆಯಾದ್ದರಿಂದ ಮೊದಲ ದಿನವೇ ಭಯವಾಗುತ್ತದೆ, ಭಯದಿಂದ ಕಲಿಯುತ್ತಾನೆ. ಇಂಗ್ಲೆಂಡಿನಲ್ಲಿ ಎಡಬದಿ ಚಾಲನೆ, ಸ್ಟಿಯರಿಂಗ್ ಬಲಕ್ಕೆ, ವೃತ್ತದಲ್ಲಿ ಸುತ್ತುವ ದಿಕ್ಕೂ ನಮ್ಮದೇ. ಎಲ್ಲವೂ ಪರಿಚಿತವಾಗಿ ಕಾಣುತ್ತದೆ. ಆದರೆ ಅದೇ ಲೈಟಿಗೆ, ಅದೇ ಹಾರನ್ನಿಗೆ ಅಲ್ಲಿ ಬೇರೆ ಅರ್ಥ.

ಡಿಪ್ಪರ್ ಹೊಡೆಯುವುದನ್ನೇ ತೆಗೆದುಕೊಳ್ಳಿ. ನಮ್ಮ ಊರಿನ ಸೇತುವೆಯ ಮೇಲೆ ಎದುರಿನಿಂದ ಲಾರಿ ಬರುತ್ತಾ ಎರಡು ಸಲ ಲೈಟ್ ಮಿಂಚಿಸಿದರೆ ಏನು ಅರ್ಥ? “ನಾನು ನುಗ್ಗುತ್ತಿದ್ದೇನೆ, ನೀನು ನಿಲ್ಲು.” ಇದು ಇಲ್ಲಿ ಕೂತಿರುವ ಏಳನೇ ತರಗತಿಯ ಹುಡುಗನಿಗೂ ಗೊತ್ತು. ಇಂಗ್ಲೆಂಡಿನ ಬೀದಿಗಳಲ್ಲಿ ಎರಡೂ ಬದಿ ಕಾರು ನಿಂತಿರುತ್ತವೆ, ನಡುವೆ ಒಂದೇ ಗಾಡಿ ಹೋಗುವಷ್ಟು ಜಾಗ. ಅಲ್ಲಿ ಎದುರಿನವನು ಲೈಟ್ ಮಿಂಚಿಸಿದರೆ ಸಾಮಾನ್ಯವಾಗಿ ಅವನ ಮನಸ್ಸಿನಲ್ಲಿರುವುದು “ನಾನು ನಿಂತಿದ್ದೇನೆ, ನೀವು ಬನ್ನಿ” ಎಂದು. ಪೂರ್ತಿ ತಿರುಗುಮುರುಗು. ನಮ್ಮವರು ನಿಲ್ಲುತ್ತಾರೆ, ಅವನೂ ನಿಂತಿರುತ್ತಾನೆ, ಹಿಂದೆ ಸಾಲು ಬೆಳೆಯುತ್ತದೆ. ಇದು ತಮಾಷೆ. ತಮಾಷೆಯಲ್ಲದ್ದೂ ಇದೆ: ಇಂಗ್ಲೆಂಡಿನಲ್ಲಿ ಕಲಿತ ಅರ್ಥವನ್ನು ತಲೆಯಲ್ಲಿಟ್ಟುಕೊಂಡು ರಜೆಗೆ ಬಂದು ನಮ್ಮ ಹೆದ್ದಾರಿಯಲ್ಲಿ ಓಡಿಸಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಪರೀಕ್ಷೆಯಲ್ಲಿ ಈ ಎರಡು ಉತ್ತರವೂ ತಪ್ಪು. ಅಲ್ಲಿ ಹೈವೇ ಕೋಡ್ ಎಂಬ ಪುಸ್ತಕವಿದೆ, 1931ರಲ್ಲಿ ಒಂದು ಪೆನ್ನಿಗೆ ಮಾರಿದ್ದು, ಇವತ್ತಿಗೂ ಪರಿಷ್ಕರಣೆಯಾಗುತ್ತಾ ಬರುತ್ತಿದೆ. ಲೈಟ್ ಮಿಂಚಿಸುವುದು ನಾನು ಇಲ್ಲಿದ್ದೇನೆ ಎಂದು ತಿಳಿಸುವುದಕ್ಕೆ ಮಾತ್ರ, ಬೇರೆ ಯಾವ ಸಂದೇಶಕ್ಕೂ ಅಲ್ಲ. ಯಾರಾದರೂ ಮಿಂಚಿಸಿದರೆ ಅದನ್ನು ಆಹ್ವಾನ ಎಂದು ನಂಬಿ ಹೊರಡಬೇಡಿ ಎನ್ನುತ್ತದೆ ಅದು. ಯಾಕೆ? ನೀವು ಅಡ್ಡರಸ್ತೆಯಿಂದ ಮುಖ್ಯ ರಸ್ತೆಗೆ ಬರಬೇಕು ಅಂದುಕೊಳ್ಳಿ. ಸಾಲಿನಲ್ಲಿ ನಿಂತ ಒಬ್ಬ ಪುಣ್ಯಾತ್ಮ ಲೈಟ್ ಮಿಂಚಿಸಿ ಜಾಗ ಬಿಡುತ್ತಾನೆ. ಅವನು ಒಳ್ಳೆಯವನೇ. ಆದರೆ ಅದೇ ಸಾಲನ್ನು ಆಚೆಯಿಂದ ದಾಟಿ ಬರುತ್ತಿರುವ ಬೈಕಿನವನು ಅವನಿಗೂ ಕಂಡಿಲ್ಲ, ನಿಮಗೂ ಕಂಡಿಲ್ಲ. ಜಾಗ ಕೊಟ್ಟವನು ತನ್ನ ಪರವಾಗಿ ಕೊಡಬಲ್ಲ, ಬೈಕಿನವನ ಪರವಾಗಿ ಕೊಡಲಾರ. ಪರೀಕ್ಷೆಯ ಪ್ರಶ್ನೆ ಕೇಳುವುದು ಇಷ್ಟನ್ನೇ.

ಹಾರನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲಾರಿಯ ಹಿಂದೆ ಹಾರನ್ ಮಾಡಿ ಎಂದು ಬಣ್ಣದಲ್ಲಿ ಬರೆಸುವ ನಾಡು ನಮ್ಮದು. ಘಾಟಿಯ ತಿರುವಿನಲ್ಲಿ ಹಾರನ್ ಹಾಕದವನನ್ನೇ ನಾವು ಬೈಯುತ್ತೇವೆ. ಅಲ್ಲಿ ಗಾಡಿ ನಿಂತಿರುವಾಗ ಹಾರನ್ ಹಾಕುವುದು ಕಾನೂನಿಗೆ ವಿರುದ್ಧ, ಜನವಸತಿಯಲ್ಲಿ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಓಡಿಸುವಾಗಲೂ ವಿರುದ್ಧ. ಎರಡಕ್ಕೂ ಒಂದೇ ವಿನಾಯಿತಿ: ಬೇರೆ ಗಾಡಿಯಿಂದ ಅಪಾಯ ಎದುರಾದಾಗ. ಗೆಳೆಯನ ಮನೆಯ ಮುಂದೆ ಕಾರು ನಿಲ್ಲಿಸಿ “ಬಾರಪ್ಪ” ಎಂದು ಎರಡು ಸಲ ಒತ್ತುತ್ತೀವಲ್ಲ, ಅದೂ ತಪ್ಪು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವುದಂತೂ ಇಲ್ಲವೇ ಇಲ್ಲ. 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಗುವಿಗೆ ಅದರ ಅಳತೆಯ ಸೀಟು ಬೇಕು. ಅಜ್ಜಿಯಂದಿರು ಅಲ್ಲಿಗೆ ಬಂದಾಗ ಇದರ ಬಗ್ಗೆ ಜಗಳವಾಗದ ಮನೆ ನಾನು ನೋಡಿಲ್ಲ.

ಈಗ ಮಕ್ಕಳಿಗೆ ಇಷ್ಟವಾಗುವ ಭಾಗ, ಏಕೆಂದರೆ ಇದು ನಿಮ್ಮ ವಿಜ್ಞಾನದ ಪಾಠ. ಬ್ರೇಕ್ ಒತ್ತಬೇಕು ಎಂದು ಕಣ್ಣಿಗೆ ಕಂಡ ಕ್ಷಣದಿಂದ ಗಾಡಿ ನಿಲ್ಲುವವರೆಗೆ ಅದು ಎಷ್ಟು ದೂರ ಹೋಗುತ್ತದೆ? ಪರೀಕ್ಷೆಯಲ್ಲಿ ಇದರ ಪಟ್ಟಿ ಬಾಯಿಪಾಠ ಇರಬೇಕು. ಅದರಲ್ಲಿ ಎರಡು ಭಾಗ: ಮಿದುಳು ಯೋಚಿಸಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಓಡುವ ದೂರ, ಬ್ರೇಕ್ ಹಿಡಿದ ಮೇಲೆ ಜಾರುವ ದೂರ. ಗಂಟೆಗೆ 30 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 48 ಕಿಲೋಮೀಟರ್ ವೇಗದಲ್ಲಿ ಯೋಚನೆಗೆ 9 ಮೀಟರ್, ಬ್ರೇಕಿಗೆ 14 ಮೀಟರ್, ಒಟ್ಟು 23. ನಮ್ಮ ಕ್ರಿಕೆಟ್ ಪಿಚ್ಚಿಗಿಂತ ಸ್ವಲ್ಪ ಹೆಚ್ಚು. ವೇಗ ಎರಡರಷ್ಟಾಗಿ 60 ಮೈಲಿ ಆಯಿತು ಎನ್ನಿ. ಯೋಚನೆಯ ದೂರ ಎರಡರಷ್ಟು, 18 ಮೀಟರ್. ಆದರೆ ಬ್ರೇಕಿನ ದೂರ ಎರಡರಷ್ಟಲ್ಲ, ನಾಲ್ಕರಷ್ಟು: 55 ಮೀಟರ್. ಒಟ್ಟು 73, ಮೂರೂವರೆ ಪಿಚ್ಚಿಗಿಂತ ಹೆಚ್ಚು. ಚಲನಶಕ್ತಿಯ ಸೂತ್ರದಲ್ಲಿ ವೇಗಕ್ಕೆ ವರ್ಗ ಇದೆಯಲ್ಲ, ಅದು ಇಲ್ಲಿ ಕೆಲಸ ಮಾಡುತ್ತದೆ. ಈ ಪಟ್ಟಿಯೂ ಒಣಗಿದ ರಸ್ತೆಗೆ, ಒಳ್ಳೆಯ ಬ್ರೇಕಿಗೆ, ಎಚ್ಚರವಾಗಿರುವ ಚಾಲಕನಿಗೆ. ನೈಟ್ ಡ್ಯೂಟಿ ಮುಗಿಸಿ ಬರುವವನ ಯೋಚನೆಯ ದೂರ 9 ಮೀಟರಿಗೆ ನಿಲ್ಲುವುದಿಲ್ಲ.

ಇದನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಪಾಲಿಸುವುದೇ ಕಷ್ಟ. ಮುಂದಿನ ಗಾಡಿಗೂ ನಮಗೂ ಒಣರಸ್ತೆಯಲ್ಲಿ ಕನಿಷ್ಠ ಎರಡು ಸೆಕೆಂಡು ಅಂತರ ಇರಬೇಕು, ಮಳೆಯಲ್ಲಿ ನಾಲ್ಕು. ಮುಂದಿನ ಕಾರು ಒಂದು ದೀಪದ ಕಂಬವನ್ನು ದಾಟಿದಾಗ “ಸಾವಿರದ ಒಂದು, ಸಾವಿರದ ಎರಡು” ಎಂದು ನಿಧಾನವಾಗಿ ಹೇಳಿ. ಹೇಳಿ ಮುಗಿಸುವುದರೊಳಗೆ ನೀವೂ ಆ ಕಂಬ ದಾಟಿದರೆ ನೀವು ತೀರಾ ಹತ್ತಿರ ಇದ್ದೀರಿ. ನಮ್ಮೂರಿನಲ್ಲಿ ಅಷ್ಟು ಜಾಗ ಬಿಟ್ಟರೆ ಅದರೊಳಗೆ ಒಂದು ಆಟೊ, ಎರಡು ಸ್ಕೂಟರ್ ಬಂದು ಸೇರುತ್ತವೆ. ಜಾಗ ಬಿಡುವವನು ಹಿಂದೆ ಬೀಳುತ್ತಾನೆ ಎನ್ನುವ ಕಲಿಕೆ ನಮ್ಮ ಮೈಯಲ್ಲಿದೆ, ಅದಕ್ಕೆ ಕಾರಣವೂ ಇದೆ. ಅಲ್ಲಿಯೂ ಕೆಲವೊಮ್ಮೆ ಒಬ್ಬ ಬಂದು ಸೇರುತ್ತಾನೆ. ಆಗ ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮವರು ಹಾರನ್ ಎಂದೋ ಲೈಟ್ ಎಂದೋ ಗುರುತು ಹಾಕುತ್ತಾರೆ. ಸರಿಯುತ್ತರ: ವೇಗ ಇಳಿಸಿ ಮತ್ತೆ ಎರಡು ಸೆಕೆಂಡು ಅಂತರ ಮಾಡಿಕೊಳ್ಳಿ.

ಪರೀಕ್ಷೆ ಹೇಗಿರುತ್ತದೆ ಎಂದು ಈಗ ಹೇಳುತ್ತೇನೆ. ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಮೊದಲ ಭಾಗದಲ್ಲಿ 50 ಪ್ರಶ್ನೆ, 57 ನಿಮಿಷ, 43 ಸರಿಯಾಗಿರಬೇಕು. ಕನ್ನಡ, ಹಿಂದಿ ಯಾವುದೂ ಇಲ್ಲ. ಮೊದಲು ಕೆಲವು ಪರಭಾಷೆಗಳಲ್ಲಿ ಧ್ವನಿ ಕೇಳಿಸುತ್ತಿದ್ದರು, 2014ರಲ್ಲಿ ಅದನ್ನು ನಿಲ್ಲಿಸಿದರು. ಕನ್ನಡ ಮಾಧ್ಯಮದವರು ಇದಕ್ಕೆ ಹೆದರುತ್ತಾರೆ, ಆದರೆ ಹೆದರಬೇಕಾದ್ದು ಈ ಭಾಗಕ್ಕಲ್ಲ. ಬೇಕಾಗುವ ಇಂಗ್ಲಿಷ್ ಪದಗಳು ಒಂದು ನೋಟ್‌ಬುಕ್ಕಿನ ಹತ್ತು ಪುಟ. ಗಮನಿಸಬೇಕಾದ್ದು ‘ಮಸ್ಟ್’ ಮತ್ತು ‘ಶುಡ್’ ಎಂಬ ಎರಡು ಚಿಕ್ಕ ಪದಗಳು. ಆ ಪುಸ್ತಕದಲ್ಲಿ ‘ಮಸ್ಟ್’ ಎಂದು ದಪ್ಪಕ್ಷರದಲ್ಲಿ ಇದ್ದರೆ ಅದು ಕಾನೂನು, ಮುರಿದರೆ ಅಪರಾಧ. ‘ಶುಡ್’ ಎಂದರೆ ಸಲಹೆ. ಆದರೂ ಅಪಘಾತವಾಗಿ ನ್ಯಾಯಾಲಯಕ್ಕೆ ಹೋದರೆ ನಿಮ್ಮ ವಿರುದ್ಧ ಅದನ್ನು ಎತ್ತಿ ತೋರಿಸಬಹುದು. ಇನ್ನೊಂದು: ಫಲಕವೇ ಇಲ್ಲದ ರಸ್ತೆಯಲ್ಲಿ ವೇಗದ ಮಿತಿ ಎಷ್ಟು ಎಂದು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಬೀದಿದೀಪದ ಕಂಬಗಳ ಸಾಲಿದ್ದು ಬೇರೆ ಫಲಕ ಇಲ್ಲದಿದ್ದರೆ 30 ಮೈಲಿ. ಕಂಬವೇ ಫಲಕ. ಇದು ಗೊತ್ತಿಲ್ಲದೆ ದಂಡ ಕಟ್ಟಿದವರು ಬಹಳ.

ನಮ್ಮವರು ಬೀಳುವುದು ಎರಡನೆಯ ಭಾಗದಲ್ಲಿ. ಅದರ ಹೆಸರು ಹಜಾರ್ಡ್ ಪರ್ಸೆಪ್ಷನ್, ಅಪಾಯ ಗ್ರಹಿಕೆ ಎನ್ನಬಹುದು. 2002ರಲ್ಲಿ ಸೇರಿಸಿದ್ದು. ಸುಮಾರು ಒಂದೊಂದು ನಿಮಿಷದ 14 ವಿಡಿಯೊ ತೋರಿಸುತ್ತಾರೆ, ಚಾಲಕನ ಸೀಟಿನಿಂದ ಕಂಡಂತೆ. ಬೆಳೆಯುತ್ತಿರುವ ಅಪಾಯ ಕಂಡ ಕೂಡಲೇ ಮೌಸ್ ಒತ್ತಬೇಕು. ಬೆಳೆಯುತ್ತಿರುವ ಅಪಾಯ ಎಂದರೆ, ನಾವು ವೇಗವನ್ನೋ ದಿಕ್ಕನ್ನೋ ಬದಲಿಸಬೇಕಾಗಿ ಬರುವಂಥದ್ದು. 13 ವಿಡಿಯೊಗಳಲ್ಲಿ ಅಂಥದ್ದು ಒಂದೊಂದು, ಒಂದರಲ್ಲಿ ಎರಡು, ಯಾವುದರಲ್ಲಿ ಎರಡು ಎಂದು ಹೇಳುವುದಿಲ್ಲ. ಬೇಗ ಒತ್ತಿದರೆ 5 ಅಂಕ, ತಡವಾದಂತೆ 4, 3, 2, 1, ಕೊನೆಗೆ ಸೊನ್ನೆ. ಒಟ್ಟು 75ಕ್ಕೆ 44 ಬೇಕು. ಸುಮ್ಮನೆ ಪದೇ ಪದೇ ಒತ್ತುತ್ತಾ ಹೋದರೆ ಯಂತ್ರ ಅದನ್ನು ಹಿಡಿದು ಆ ವಿಡಿಯೊಗೆ ಸೊನ್ನೆ ಕೊಡುತ್ತದೆ. ಪ್ರಶ್ನೆಗಳ ಭಾಗದಲ್ಲಿ ಹಿಂದೆ ಹೋಗಿ ತಿದ್ದಬಹುದು, ಇಲ್ಲಿ ಆಗುವುದಿಲ್ಲ. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಬಿದ್ದರೂ ಎರಡನ್ನೂ ಮತ್ತೆ ಬರೆಯಬೇಕು.

ನಮ್ಮ ಜಿಲ್ಲೆಯವರೇ ಒಬ್ಬರು, ಹೆಸರು ಬೇಡ, ಊರಿನಲ್ಲಿ 14 ವರ್ಷ ಟೆಂಪೊ ಓಡಿಸಿದವರು. ಹೆಂಡತಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್. ಆಕೆಗೆ ಚಾಲನೆ ಬರುವುದಿಲ್ಲ, ಗಂಡನೇ ಕರೆದುಕೊಂಡು ಹೋಗಬೇಕು, 12 ತಿಂಗಳಿಗೆ ಇನ್ನು ಮೂರೂವರೆ ತಿಂಗಳು ಬಾಕಿ. ಪರೀಕ್ಷೆಯಲ್ಲಿ ಪ್ರಶ್ನೆಗಳಿಗೆ 46 ಬಂತು, ಅಪಾಯ ಗ್ರಹಿಕೆಯಲ್ಲಿ 31. ಫೇಲು. ಬಂದು ನನ್ನ ಮುಂದೆ ಕೂತು, “ಅಣ್ಣ, 14 ವರ್ಷ ಓಡಿಸಿದೀನಿ, ಗಾಡಿಗೆ ಒಂದು ಗೀರು ಬಿದ್ದಿಲ್ಲ. ನನಗೆ ಅಪಾಯ ಗೊತ್ತಾಗಲ್ವಾ?” ಎಂದರು. ಅವರ ಮಾತು ಸುಳ್ಳಲ್ಲ.

ಅಭ್ಯಾಸದ ವಿಡಿಯೊ ಹಾಕಿ ಅವರ ಬೆರಳನ್ನೇ ನೋಡುತ್ತಾ ಕೂತೆ. ಮನೆಗಳ ನಡುವಿನ ಬೀದಿ. ಎಡಗಡೆ ಸಾಲಾಗಿ ನಿಂತ ಕಾರುಗಳು, ಒಂದು ಬಿಳಿ ವ್ಯಾನ್. ಬಲಗಡೆ ಫುಟ್‌ಪಾತಿನ ಮೇಲೆ ನಾಯಿ ಹಿಡಿದ ಮುದುಕ, ಮುಂದೆ ಸೈಕಲ್ಲಿನ ಹುಡುಗಿ. ಇವರು ಮುದುಕನಿಗೆ ಒತ್ತಿದರು, ನಾಯಿಗೆ ಒತ್ತಿದರು, ಸೈಕಲ್ಲಿಗೆ, ನಿಂತ ಕಾರಿಗೆ, ತೆರೆದ ಗೇಟಿಗೆ ಒತ್ತಿದರು. ಯಾಕೆಂದರೆ ನಮ್ಮೂರಿನಲ್ಲಿ ಇವರೆಲ್ಲರೂ ಯಾವ ಕ್ಷಣದಲ್ಲಾದರೂ ರಸ್ತೆಗೆ ಇಳಿಯಬಹುದು! ಯಂತ್ರ ಸೊನ್ನೆ ಕೊಟ್ಟಿತು. ಸಿಟ್ಟು ಬಂದು ಮುಂದಿನ ವಿಡಿಯೊದಲ್ಲಿ ಕೈಕಟ್ಟಿ ಕೂತರು. ಅದರಲ್ಲಿ ಬಸ್ಸೊಂದು ನಿಲ್ದಾಣದಿಂದ ಹೊರಟು ನಮ್ಮ ದಾರಿಗೆ ಬರುತ್ತದೆ. ಬಸ್ಸಿನ ಮೂತಿ ನಮ್ಮ ಬಾನೆಟ್ಟಿಗೆ ಬಂದಾಗ ಒತ್ತಿದರು. ಒಂದು ಅಂಕ.

ಆಗ ನನಗೆ ಹೊಳೆದದ್ದು ಇದು. ಅವರ ಗ್ರಹಿಕೆ ಕಮ್ಮಿಯಲ್ಲ, ಅದು ಹತ್ತಿರದ್ದು. ನಮ್ಮ ರಸ್ತೆ ನಮ್ಮ ಕಣ್ಣನ್ನು ಬಾನೆಟ್ಟಿನ ಮುಂದಿನ ಐದಾರು ಮೀಟರಿಗೆ ಕಟ್ಟಿಹಾಕಿದೆ, ಏಕೆಂದರೆ ಇಲ್ಲಿ ಅಪಾಯ ಪಕ್ಕದಿಂದ ನುಗ್ಗುತ್ತದೆ. ಕೊನೆಯ ಕ್ಷಣದಲ್ಲಿ ಬ್ರೇಕ್ ಒತ್ತಿ ಒಂದು ಗೇಣು ಅಂತರದಲ್ಲಿ ನಿಲ್ಲಿಸುವವನೇ ಇಲ್ಲಿ ಕೈ ಪಳಗಿದವನು. ಅಲ್ಲಿನ ಪರೀಕ್ಷೆ ಕೇಳುವುದು ಐವತ್ತು ಮೀಟರ್ ಆಚೆ ಏನು ಶುರುವಾಯಿತು ಎಂದು. ಕೊನೆಯ ಕ್ಷಣದ ಕೌಶಲಕ್ಕೆ ಅದರಲ್ಲಿ ಸೊನ್ನೆ ಅಂಕ.

ಮತ್ತೆ ಅದೇ ಬಿಳಿ ವ್ಯಾನಿನ ವಿಡಿಯೊ ಹಾಕಿದೆ. ಮೌಸ್ ಮುಟ್ಟಬೇಡಿ, ಕಂಡದ್ದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ಎಂದೆ. “ವ್ಯಾನ್ ನಿಂತಿದೆ. ಒಳಗೆ ಡ್ರೈವರ್ ಇದ್ದಾನೆ.” ಇನ್ನೂ ಅಪಾಯವಲ್ಲ, ಆಗಬಹುದಾದ್ದು. “ಬ್ರೇಕ್ ಲೈಟ್ ಆರಿತು.” ಈಗ ಗಮನ ಅಲ್ಲೇ ಇರಲಿ. “ಇಂಡಿಕೇಟರ್ ಹಾಕಿದ, ಮುಂದಿನ ಚಕ್ರ ತಿರುಗಿತು.” ಒತ್ತಬೇಕಾದ್ದು ಇಲ್ಲಿ. ವ್ಯಾನ್ ಹೊರಬಂದು ದಾರಿ ಮುಚ್ಚಿದಾಗ ಅಲ್ಲ. ಮುದುಕ ನಾಯಿಯ ಜೊತೆ ನಡೆಯುತ್ತಲೇ ಇದ್ದ, ರಸ್ತೆಯ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಅವನಿಗೆ ಒತ್ತುವ ಅಗತ್ಯವಿರಲಿಲ್ಲ. ಕೆಲವೊಮ್ಮೆ ನಮ್ಮವರ ಕಣ್ಣು ಯಂತ್ರಕ್ಕಿಂತ ಒಂದು ಕ್ಷಣ ಮುಂಚೆಯೇ ಕಂಡು ಒತ್ತಿಬಿಡುತ್ತದೆ, ಅಂಕ ಕೊಡುವ ಅವಧಿ ಆಗಿನ್ನೂ ಶುರುವಾಗಿರುವುದಿಲ್ಲ. ಅದಕ್ಕೆ ಕಲಿಸುವವರು ಹೇಳುವ ಉಪಾಯ, ಅನುಮಾನ ಬಂದಾಗ ಒಮ್ಮೆ, ಅದು ಖಚಿತವಾದಾಗ ಇನ್ನೊಮ್ಮೆ ಒತ್ತುವುದು. ಎರಡು ಮೂರು ಸಲಕ್ಕೆ ಯಂತ್ರ ಸೊನ್ನೆ ಕೊಡುವುದಿಲ್ಲ, ತಾಳ ಹಾಕಿದ ಹಾಗೆ ಒತ್ತಿದರೆ ಕೊಡುತ್ತದೆ.

ಮೂರು ವಾರ, ದಿನಕ್ಕೆ ಅರ್ಧ ಗಂಟೆ. ಕಂಪ್ಯೂಟರಿನ ಮುಂದೆ ಮಾತ್ರವಲ್ಲ, ಹೆಂಡತಿಯನ್ನು ಡ್ಯೂಟಿಗೆ ಬಿಡುವಾಗ ಸ್ಟಿಯರಿಂಗ್ ಹಿಡಿದುಕೊಂಡೇ ಇದನ್ನು ಬಾಯಿಬಿಟ್ಟು ಹೇಳುತ್ತಾ ಹೋದರು. “ದೂರದ ಸಿಗ್ನಲ್ ಹಸಿರಾಗಿ ಬಹಳ ಹೊತ್ತಾಯ್ತು, ಕೆಂಪಾಗಬಹುದು. ಅಲ್ಲೊಬ್ಬಳು ತಳ್ಳುಗಾಡಿಯಲ್ಲಿ ಮಗು ಇಟ್ಟುಕೊಂಡು ಜೀಬ್ರಾ ಪಟ್ಟಿಯ ಹತ್ತಿರ ಬಂದಳು.” ಆಕೆ ಮೊದಲ ದಿನ ನಕ್ಕರಂತೆ. ಎರಡನೇ ವಾರಕ್ಕೆ, “ಇವರು ಈಗ ಬ್ರೇಕ್ ಒತ್ತೋದು ನನಗೆ ಗೊತ್ತೇ ಆಗಲ್ಲ ಅಣ್ಣ, ಮೊದಲು ಸಿಗ್ನಲ್ ಬಂದಾಗೆಲ್ಲ ಬ್ಯಾಗ್ ಮುಂದಕ್ಕೆ ಬೀಳ್ತಿತ್ತು” ಎಂದು ನನಗೆ ಫೋನ್ ಮಾಡಿ ಹೇಳಿದರು. ಕಲಿಕೆ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ: ಸೀಟಿನ ಮೇಲಿನ ಬ್ಯಾಗ್ ಬೀಳುತ್ತದೆಯೇ, ಇಲ್ಲವೇ. ಎರಡನೆಯ ಸಲ ಅವರಿಗೆ 75ಕ್ಕೆ 56 ಬಂತು. ರಸ್ತೆ ಪರೀಕ್ಷೆಯ ದಿನಾಂಕ ಮಾತ್ರ 12 ತಿಂಗಳು ದಾಟಿದ ಮೇಲೆ ಸಿಕ್ಕಿತು. ನಡುವೆ ಏಳು ವಾರ ಕಾರಿಗೆ ಕೆಂಪು ‘ಎಲ್’ ಫಲಕ ಹಚ್ಚಿ, ಲೈಸೆನ್ಸ್ ಪಡೆದು ಮೂರು ವರ್ಷವಾದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕಾಯಿತು. ಹೆಂಡತಿಯ ಮೇಲಧಿಕಾರಿ ಆ ಏಳು ವಾರ ಬಸ್ಸು ಹೋಗುವ ದಾರಿಯ ಮನೆಗಳನ್ನೇ ಆಕೆಗೆ ಕೊಟ್ಟರು, ಕೆಲಸ ಉಳಿಯಿತು.

ಇಲ್ಲಿಂದ ಹೊರಡುವವರು ಯಾರಾದರೂ ಇದ್ದರೆ, ಹೋದ ಮೊದಲ ತಿಂಗಳಲ್ಲೇ ಪ್ರಾವಿಷನಲ್ ಲೈಸೆನ್ಸಿಗೆ ಅರ್ಜಿ ಹಾಕಿ. ಅದು ಕೈಗೆ ಬಂದರೂ ಇಲ್ಲಿನ ಲೈಸೆನ್ಸಿನ 12 ತಿಂಗಳ ಅವಕಾಶ ಹೋಗುವುದಿಲ್ಲ. ಮೂರನೇ ತಿಂಗಳಿಗೆ ಥಿಯರಿ ಮುಗಿಸಿ. ಪಾಸಾದ ಪತ್ರಕ್ಕೆ ಎರಡು ವರ್ಷ ಬೆಲೆ ಇದೆ, ಬೇಗ ಬರೆದರೆ ನಷ್ಟವಿಲ್ಲ.

ಹೈವೇ ಕೋಡಿನ ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ, ಗ್ರಂಥಾಲಯದಲ್ಲಿ ಇರುತ್ತದೆ. ಬ್ರೇಕಿನ ದೂರದ ಪಟ್ಟಿ ಅದರಲ್ಲಿದೆ. ಒಂಬತ್ತನೇ ತರಗತಿಯವರು ಆಟದ ಮೈದಾನದಲ್ಲಿ ಸುಣ್ಣ ಹಾಕಿ ಅಳೆದು ನೋಡುತ್ತೇವೆ ಎಂದು ಬೆಳಿಗ್ಗೆಯೇ ಹೇಳಿದ್ದಾರೆ. 60 ಮೈಲಿಯ 73 ಮೀಟರ್ ನಮ್ಮ ಮೈದಾನದಲ್ಲಿ ಹಿಡಿಸುತ್ತದೋ ಇಲ್ಲವೋ, ಸಂಜೆ ನಾನೂ ಬಂದು ನೋಡುತ್ತೇನೆ.